ಒಂದಕ್ಕೆ ಒಂದು ಉಚಿತ, ಏಪ್ರಿಲ್‌ನಲ್ಲಿ ಎರಡೂ ಖಲಾಸ್

ಜೂನ್ 5 ಬಂತೆಂದರೆ ನಮ್ಮ ಉಡುಪಿ, ಮಣಿಪಾಲದಲ್ಲಿ ಗಿಡಗಳಿಗೂ ಸೇಲ್ ಶುರು. 'ಒಂದು ಗಿಡ ಕೊಂಡರೆ ಒಂದು ಉಚಿತ, ಭೂಮಿ ಉಳಿಸಿ!' ಸಂದೇಶ ಚೆನ್ನಾಗಿಯೇ ಉಂಟು. ಆದರೆ ಅದು ಅಚ್ಚಾಗಿರುವುದು ಫ್ಲೆಕ್ಸ್ ಮೇಲೆ, ಗಿಡ ನಿಂತಿರುವುದು ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಇದನ್ನು ಬೇಕಾದರೆ ಕ್ಷಮಿಸೋಣ. ಆಫರ್ ಇದೆಯಲ್ಲ, ಅದನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

ಮೂರು ವರ್ಷದ ಹಿಂದೆ ನಾನೂ ಅದಕ್ಕೆ ಬಿದ್ದೆ. ಎರಡು ಹಲಸಿನ ಗಿಡ ಕೊಂಡೆ, ಎರಡು ಉಚಿತ ಸಿಕ್ಕಿತು. ನಾಲ್ಕನ್ನೂ ಕಾರಿನಲ್ಲಿಟ್ಟು ಕಾರ್ಕಳದ ಹತ್ತಿರದ ನಮ್ಮ ಮನೆಗೆ ಹೋದೆ. ಅಮ್ಮ ತೊಟ್ಟೆ ಹರಿದು ನೋಡಿದಳು. ಕೊಂಡ ಎರಡರ ಬೇರು ನೆಟ್ಟಗಿತ್ತು. ಉಚಿತದ ಎರಡರಲ್ಲಿ ತಾಯಿಬೇರು ತಳದಲ್ಲಿ ಚಕ್ಕುಲಿಯಂತೆ ಸುತ್ತಿಕೊಂಡಿತ್ತು. "ಇದು ಹೋದ ವರ್ಷ ಮಾರಿ ಹೋಗದ ಮಾಲು ಮಾರಾಯ, ನಿನ್ನ ತಲೆಗೆ ಕಟ್ಟಿದ್ದಾರೆ" ಅಂದಳು.

ನಾಲ್ಕನ್ನೂ ನೆಟ್ಟೆವು. ಮಳೆಗಾಲವಿಡೀ ನಾಲ್ಕೂ ಹಸಿರಾಗಿಯೇ ಇದ್ದವು. ನಮ್ಮ ಕರಾವಳಿಯ ಮಳೆಗೆ ಕೋಲು ನೆಟ್ಟರೂ ಚಿಗುರುತ್ತದೆ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಸಿರನ್ನು ನಂಬಬಾರದು. ಪರೀಕ್ಷೆ ಶುರುವಾಗುವುದು ಮಳೆ ನಿಂತ ಮೇಲೆ. ಮೇಲ್ಮಣ್ಣು ಒಣಗುತ್ತದೆ, ಮುರಕಲ್ಲು ಕಾಯುತ್ತದೆ, ಬೇರು ನೀರು ಹುಡುಕಿಕೊಂಡು ಕೆಳಗಿಳಿಯಬೇಕು. ಸುತ್ತಿಕೊಂಡ ಬೇರು ಇಳಿಯುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಹಲಸಿನ ತಾಯಿಬೇರು ಕತ್ತರಿಸಿ ಸರಿಮಾಡಲು ಹೋದರೂ ಗಿಡ ಸೊರಗುತ್ತದೆ. ಉಚಿತದ ಎರಡೂ ಏಪ್ರಿಲ್ ದಾಟಲಿಲ್ಲ. ನೀರು ಹಾಕಿದವಳು ಅಮ್ಮ, ಲೈಕ್ ಪಡೆದವನು ನಾನು.

ನಾವು ಸಾಫ್ಟ್‌ವೇರ್‌ನವರಿಗೆ ಇದು ಗೊತ್ತಿರಬೇಕು. ರಿಲೀಸ್ ದಿನ ಕೇಕ್ ಕತ್ತರಿಸುವುದು ಸುಲಭ, ರಾತ್ರಿ ಎರಡಕ್ಕೆ ಸಿಸ್ಟಮ್ ಬಿದ್ದಾಗ ಏಳುವವರು ಬೇಕು. ಗಿಡದ ರಾತ್ರಿ ಎರಡು ಗಂಟೆ ಬರುವುದು ಮಾರ್ಚ್‌ನಲ್ಲಿ. ನಮ್ಮ ಆಫರ್‌ಗಳೆಲ್ಲ ಜೂನ್‌ನಲ್ಲೇ ಮುಗಿದಿರುತ್ತವೆ.

ಇದಕ್ಕೆ ಉತ್ತರ ನಮ್ಮಲ್ಲೇ ಉಂಟು, ಅದೂ ಸರ್ಕಾರದ್ದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾಯಿತು. ರೈತ ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ಕೊಂಡು ತನ್ನ ಜಮೀನಿನಲ್ಲಿ ನೆಡುತ್ತಾನೆ. ನೆಟ್ಟಿದ್ದಕ್ಕೆ ಹಣವಿಲ್ಲ. ಬದುಕಿದ ಪ್ರತಿ ಗಿಡಕ್ಕೆ ಮೊದಲ ವರ್ಷದ ಕೊನೆಗೆ 35, ಎರಡನೇ ವರ್ಷ 40, ಮೂರನೇ ವರ್ಷ 50, ಒಟ್ಟು 125 ರೂಪಾಯಿ ಅಂತ ಯೋಜನೆಯಲ್ಲಿ ದರ ನಿಗದಿಯಾಯಿತು. ಮೊತ್ತ ದೊಡ್ಡದಲ್ಲ. ಆದರೆ ಎಣಿಸುವುದು ನೆಟ್ಟ ಗುಂಡಿಯನ್ನಲ್ಲ, ಉಳಿದ ಗಿಡವನ್ನು. ಇಷ್ಟು ಸಣ್ಣ ವ್ಯತ್ಯಾಸ ಖಾಸಗಿ ನರ್ಸರಿಗಳಿಗೆ ಯಾಕೆ ಹೊಳೆಯುವುದಿಲ್ಲ?

"ಆಫರ್ ಇಲ್ಲದಿದ್ದರೆ ಗಿರಾಕಿ ಬರುವುದಿಲ್ಲ" ಅನ್ನುತ್ತಾರೆ. ಸರಿ, ಲೆಕ್ಕ ಮಾಡೋಣ. ಒಂದು ಸಸಿಯ ಮಾರಾಟ ಬೆಲೆ 80, ಬೆಳೆಸುವ ಖರ್ಚು 40 ಅಂತ ಹಿಡಿಯಿರಿ. 50 ಮಾರಿ 50 ಉಚಿತ ಕೊಟ್ಟರೆ ನರ್ಸರಿಗೆ ಕೈಬಿಡುವುದು 2000 ರೂಪಾಯಿ. ಅದರ ಬದಲು 50 ಮಾತ್ರ ಮಾರಿ, ಪ್ರತಿ ಗಿಡಕ್ಕೂ ನಂಬರಿನ ಚೀಟಿ ಕಟ್ಟಿ, 'ಮುಂದಿನ ಜೂನ್ 5ಕ್ಕೆ ಬದುಕಿದ ಗಿಡದ ಫೋಟೋ ತನ್ನಿ, 40 ರೂಪಾಯಿ ವಾಪಸ್' ಅನ್ನಲಿ. ಐವತ್ತೂ ಬದುಕಿದರೆ ಖರ್ಚು ಅದೇ 2000. ಮೂವತ್ತು ಬದುಕಿದರೆ 1200. ಗಿರಾಕಿಯೂ ಮುಂದಿನ ವರ್ಷ ತಾನಾಗಿ ಅಂಗಡಿಗೆ ಬರುತ್ತಾನೆ. ಚೀಟಿ ಬಿಚ್ಚಿ ಬೇರೆ ಗಿಡಕ್ಕೆ ಕಟ್ಟಿ ಫೋಟೋ ತೆಗೆಯುವವರೂ ಇರುತ್ತಾರೆ. ಇರಲಿ ಬಿಡಿ, ಅದಕ್ಕೂ ಒಂದು ಬದುಕಿದ ಗಿಡ ಬೇಕಲ್ಲ!

ಇನ್ನೊಂದು ಮಾತು. ಬಿಲ್ ಹಾಕುವ ಮೊದಲು "ಎಲ್ಲಿ ನೆಡ್ತೀರಿ?" ಅಂತ ಕೇಳಬೇಕು. ಕಾಪುವಿನ ಮರಳಿಗೂ ಉಪ್ಪುಗಾಳಿಗೂ ಸುರಹೊನ್ನೆ, ಹೊಂಗೆ ತಡೆಯುತ್ತವೆ. ಕಾರ್ಕಳದ ಕಡೆ ಮಣ್ಣಿದ್ದಲ್ಲಿ ಹಲಸು, ಪುನರ್ಪುಳಿ ಬರುತ್ತವೆ. ಮಣಿಪಾಲದ ಮುರಕಲ್ಲಿನಲ್ಲಿ ಪಿಕ್ಕಾಸಿನಿಂದ ಎರಡಡಿ ಗುಂಡಿ ತೋಡಿ ಮಣ್ಣು, ಗೊಬ್ಬರ ತುಂಬಿಸದೆ ಏನು ನೆಟ್ಟರೂ ಅದು ಕಲ್ಲಿನ ಚಟ್ಟಿಯಲ್ಲಿಟ್ಟ ಹಾಗೆ. ಉಚಿತ ಕೊಡಲೇಬೇಕಿದ್ದರೆ ಎರಡನೇ ಗಿಡ ಬೇಡ, ಆಧಾರಕ್ಕೆ ಒಂದು ಕೋಲು, ಒಂದು ಚೀಲ ಗೊಬ್ಬರ, ಡಿಸೆಂಬರ್‌ನಲ್ಲಿ 'ಬುಡಕ್ಕೆ ತರಗೆಲೆ ಹಾಕಿ, ನೀರು ಶುರುಮಾಡಿ' ಅನ್ನುವ ಒಂದು ಮೆಸೇಜ್ ಕೊಡಿ. ಖಾಲಿ ತೊಟ್ಟೆ ತಂದವರಿಗೆ ಎರಡು ರೂಪಾಯಿ ಕೊಡಿ.

ಕೊಳ್ಳುವ ನಾವೂ ಸಾಚಾಗಳಲ್ಲ. ಈ ಸಲ ಅಂಗಡಿಯಲ್ಲಿ ಗಿಡದ ಎತ್ತರ ನೋಡಬೇಡಿ, ತೊಟ್ಟೆಯ ತಳ ನೋಡಿ. ತೂತಿನಿಂದ ದಪ್ಪ ಬೇರು ಹೊರಬಂದು ಸುತ್ತಿದ್ದರೆ ಉಚಿತ ಕೊಟ್ಟರೂ ಬಿಟ್ಟು ಬನ್ನಿ. ಮನೆಯಲ್ಲಿ ಮಾರ್ಚ್‌ಗೆ ನೀರು ಹಾಕುವವರು ಯಾರೆಂದು ಗೊತ್ತಿಲ್ಲದಿದ್ದರೆ ಒಳ್ಳೆಯ ಗಿಡವನ್ನೂ ಅಲ್ಲೇ ಬಿಟ್ಟು ಬನ್ನಿ.

ನಮ್ಮ ಎರಡು ಹಲಸು ಈಗ ನನಗಿಂತ ಎತ್ತರ ಉಂಟು. ಎರಡೂ ದುಡ್ಡು ಕೊಟ್ಟು ತಂದವು.