ಮೊಟ್ಟೆಯ ಲೆಕ್ಕದಲ್ಲಿ ‘ಇಂದ’ ಎಂಬ ಪ್ರತ್ಯಯ

ಶಹಾಪುರದ ಗೆಳೆಯರೊಬ್ಬರು ಕರಪತ್ರವೊಂದನ್ನು ಬರೆದು ಅಚ್ಚಿಗೆಂದು ನಮಗೆ ಕಳಿಸಿದ್ದಾರೆ. “ಮೊಟ್ಟೆಯಿಂದ ಯಾದಗಿರಿ ಮಕ್ಕಳ ತೂಕ ನೂರಕ್ಕೆ 71ರಷ್ಟು ಏರಿತು!” ಎಂಬುದು ಅದರ ತಲೆಬರಹ. ಶಾಲೆಯಲ್ಲಿ ಮಕ್ಕಳಿಗೆ ಮೊಟ್ಟೆ ಸಿಗಲೇಬೇಕೆಂಬ ವಿಷಯದಲ್ಲಿ ನಮಗೂ ಅವರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೂ ಕರಪತ್ರವನ್ನು ನಾವು ತಡೆಹಿಡಿದಿದ್ದೇವೆ. ಅದರ ಕಾರಣವನ್ನು ಎಲ್ಲರೆದುರಿಗೇ ಹೇಳುವುದು ಒಳ್ಳೆಯದು.

ನಡೆದ ಸಂಗತಿ ಇದು. 2021ರ ಡಿಸೆಂಬರಿನಲ್ಲಿ ಸರಕಾರವು ಯಾದಗಿರಿಯೂ ಸೇರಿದಂತೆ ನಮ್ಮ ಭಾಗದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡತೊಡಗಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಕ್ಕಿತು. ಕೆಲವು ಮಠಾಧೀಶರು ವಿರೋಧಿಸಿದರು. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದವರು ಯಾದಗಿರಿಯ ಮಕ್ಕಳನ್ನೂ, ಮೊಟ್ಟೆ ಕೊಡದಿದ್ದ ಗದಗ ಜಿಲ್ಲೆಯ ಮಕ್ಕಳನ್ನೂ ಅಳೆದು ತೂಗಿ ಹೋಲಿಸಿದರು. ಎಂಟನೆಯ ತರಗತಿಯ ಹುಡುಗಿಯರಲ್ಲಿ ಯಾದಗಿರಿಯವರು ಗಳಿಸಿದ ತೂಕವು ಗದಗಿನವರು ಗಳಿಸಿದ್ದಕ್ಕಿಂತ ನೂರಕ್ಕೆ 71ರವರೆಗೆ ಹೆಚ್ಚು ಎಂದು 2022ರಲ್ಲಿ ಪತ್ರಿಕೆಗಳು ವರದಿ ಮಾಡಿದವು.

ತಕ್ಕಡಿ ಹಿಡಿಯುವ ವರ್ತಕರು ಈ ಮಾತನ್ನು ಇನ್ನೊಮ್ಮೆ ಓದಲಿ. ಏರಿದ್ದು ತೂಕವಲ್ಲ, ತೂಕದ ಹೆಚ್ಚಳದ ಅಂತರ. ಲೆಕ್ಕಕ್ಕೆಂದು ಹೀಗೆ ಭಾವಿಸೋಣ: ಗದಗಿನ ಹುಡುಗಿ ಆ ಅವಧಿಯಲ್ಲಿ ಒಂದು ಕಿಲೋ ಬೆಳೆದಿದ್ದರೆ ಯಾದಗಿರಿಯ ಹುಡುಗಿ 1 ಕಿಲೋ 710 ಗ್ರಾಂ ಬೆಳೆದಳು. ಮೂವತ್ತು ಕಿಲೋದ ಹುಡುಗಿ ಐವತ್ತೊಂದು ಕಿಲೋ ಆಗಲಿಲ್ಲ! ಇನ್ನು ‘ವರೆಗೆ’ ಎಂಬುದು ಅತಿ ದೊಡ್ಡ ಅಂಕಿಯನ್ನು ಸೂಚಿಸುತ್ತದೆ, ಎಲ್ಲ ಮಕ್ಕಳ ಸರಾಸರಿಯನ್ನಲ್ಲ. ಗೆಳೆಯರು ಅದನ್ನು ಬಿಟ್ಟು, ಒಂದು ತರಗತಿಯ ಹುಡುಗಿಯರ ಅಂಕಿಯನ್ನು ಜಿಲ್ಲೆಯ ಮಕ್ಕಳಿಗೆಲ್ಲ ಹಂಚಿಬಿಟ್ಟಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ‘ಮೊಟ್ಟೆಯಿಂದ’ ಎಂಬಲ್ಲಿದೆ. ‘ಇಂದ’ ಹಚ್ಚಿದೊಡನೆ ನಾವು ಕಾರಣವನ್ನೇ ಹೇಳಿದಂತಾಯಿತು. ಹತ್ತಿಯ ಕಾಲದಲ್ಲಿ ಜಿನ್ನಿಂಗ್ ಗಿರಣಿಯ ಮುಂದಿನ ಹೋಟೆಲಿನಲ್ಲಿ ಚಹಾದ ವ್ಯಾಪಾರ ಏರುತ್ತದೆ, ಗಿರಣಿಯ ಆಳುಗಳ ಕೆಮ್ಮೂ ಏರುತ್ತದೆ. ಚಹಾದಿಂದ ಕೆಮ್ಮು ಬಂತೆಂದು ಯಾವ ಕಾರ್ಮಿಕನೂ ಹೇಳಲಾರ. ಹತ್ತಿಯ ಧೂಳು ಅವನ ಎದೆಗೆ ಗೊತ್ತು. ಎರಡು ಜಿಲ್ಲೆಗಳ ನಡುವೆಯೂ ಮೊಟ್ಟೆಯೊಂದೇ ವ್ಯತ್ಯಾಸವಲ್ಲ. ಯಾವ ಜಿಲ್ಲೆಗೆ ಮೊಟ್ಟೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಲಿಲ್ಲ. ಅಪೌಷ್ಟಿಕತೆ ಹೆಚ್ಚಿದ್ದ ಕಡೆಗೆ ಸರಕಾರವೇ ಕೊಟ್ಟಿತು. ಬಡಕಲಾದ ಮಕ್ಕಳು, ಕೋವಿಡ್ ಕಾಲದಲ್ಲಿ ಮುಚ್ಚಿದ್ದ ಶಾಲೆ ತೆರೆದು ದಿನವೂ ಬಿಸಿಯೂಟ ಸಿಕ್ಕಾಗ, ಮೊಟ್ಟೆಯಿಲ್ಲದೆಯೂ ಬೇಗ ಚೇತರಿಸಿಕೊಳ್ಳಬಹುದು. ಮನೆಯ ಊಟ, ತಂದೆತಾಯಿಗಳ ಗುಳೆ, ಇವೂ ಎರಡು ಕಡೆ ಒಂದೇ ಅಲ್ಲ. ಬಾಳೆಹಣ್ಣು ತಿಂದವರೂ ಯಾದಗಿರಿಯ ಲೆಕ್ಕದಲ್ಲಿದ್ದರೆ ‘ಮೊಟ್ಟೆ ತಿಂದವರು’ ಎಂಬ ಮಾತೂ ನಿಲ್ಲದು.

ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪು ಮಾಡಿದ ಪರೀಕ್ಷೆಗಳೂ ಇವೆ. ಈಕ್ವೆಡಾರ್ ದೇಶದಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟರು. ಕುಳ್ಳಾಗುವುದು ಬಹಳ ಕಡಿಮೆಯಾಯಿತೆಂದು 2017ರಲ್ಲಿ ಪ್ರಕಟವಾಯಿತು. ಅಲ್ಲಿ ‘ಮೊಟ್ಟೆಯಿಂದ’ ಎನ್ನಬಹುದು. ಆದರೆ ಅದು ಆ ಊರಿನ ಆ ವಯಸ್ಸಿನ ಕೂಸುಗಳ ಮಾತು. ಮಲಾವಿ ದೇಶದಲ್ಲಿ ಅದೇ ಬಗೆಯ ಪರೀಕ್ಷೆ ನಡೆದಾಗ ಎತ್ತರದಲ್ಲಿ ಅಂತರ ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದುದು ಒಂದು ಕಾರಣವಿರಬಹುದೆಂದು ಸಂಶೋಧಕರು ಬರೆದರು. ಆ ‘ಇರಬಹುದು’ ಎಂಬುದನ್ನು ‘ಹೌದು’ ಎಂದು ತಿದ್ದುವ ಅಧಿಕಾರ ನಮಗಿಲ್ಲ. ಈಕ್ವೆಡಾರಿನ ಕೂಸಿನ ಫಲವನ್ನು ಸುರಪುರದ ಎಂಟನೆಯ ತರಗತಿಯ ಹುಡುಗಿಗೆ ಅಂಟಿಸುವ ಅಧಿಕಾರವೂ ಇಲ್ಲ.

ಹಾಗೆಂದು “ಏನೂ ಸಿದ್ಧವಾಗಿಲ್ಲ, ಮೊಟ್ಟೆ ವ್ಯರ್ಥ” ಎನ್ನುವವರ ಮಾತೂ ಅಷ್ಟೇ ಸುಳ್ಳು. ಮೊಟ್ಟೆಯೊಂದೇ ಕಾರಣವೆಂದು ಈ ಹೋಲಿಕೆ ತೋರಿಸಲಿಲ್ಲ ಎಂದರೆ ಮೊಟ್ಟೆ ಕಾರಣವಲ್ಲವೆಂದು ತೋರಿಸಿತು ಎಂದಲ್ಲ. ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನ್ ಇದೆ, ಬಡ ಮನೆಯ ತಟ್ಟೆಯಲ್ಲಿ ಅದು ಅಪರೂಪ. ಕೊಡಬೇಕೆನ್ನಲು ಇಷ್ಟು ಸಾಕು. ಉಬ್ಬಿಸಿದ ಅಂಕಿಯ ಮೇಲೆ ಬೇಡಿಕೆಯನ್ನು ನಿಲ್ಲಿಸಿದರೆ, ವಿರೋಧಿಗಳು ಅಂಕಿಯನ್ನು ಒಡೆದ ದಿನ ಮಗುವಿನ ತಟ್ಟೆಯ ಮೊಟ್ಟೆಯೂ ಒಡೆದೀತು.

ಗೆಳೆಯರಿಗೆ ನಾವು ತಿದ್ದಿ ಕಳಿಸಿರುವ ಸಾಲು ಹೀಗಿದೆ: “ಮೊಟ್ಟೆ ಅಥವಾ ಬಾಳೆಹಣ್ಣು ಕೊಟ್ಟ ಯಾದಗಿರಿಯಲ್ಲಿ ಎಂಟನೆಯ ತರಗತಿಯ ಹುಡುಗಿಯರ ತೂಕದ ಹೆಚ್ಚಳವು ಕೊಡದ ಗದಗಿಗಿಂತ ನೂರಕ್ಕೆ 71ರವರೆಗೆ ಹೆಚ್ಚಾಗಿ ಕಂಡಿತು. ಇದು ಎರಡು ಜಿಲ್ಲೆಗಳ, ಕೆಲವೇ ತಿಂಗಳುಗಳ ಹೋಲಿಕೆ.” ಸಾಲು ಉದ್ದವಾಯಿತೆಂದು ಅವರು ಗೊಣಗಿದ್ದಾರೆ. ಅಕ್ಷರ ಸಣ್ಣದು ಮಾಡಿ ಅಚ್ಚು ಹಾಕುತ್ತೇವೆ.