ಅವ್ವನ ಎರಡು ಗುಂಡಿಗಳು

ಕಳೆದ ಏಪ್ರಿಲ್ ತಿಂಗಳ ಒಂದು ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ರಾಯಚೂರಿನಿಂದ ನನಗೆ ಫೋನು ಬಂದಿತು. ಎಂಬತ್ತು ದಾಟಿದ ನನ್ನ ತಾಯಿ ಮಾತನಾಡುತ್ತಿದ್ದಳು. ಅಣ್ಣನಿಗೆ ಅಂದು ರಾತ್ರಿಪಾಳಿ; ಅತ್ತಿಗೆ ತವರಿಗೆ ಹೋಗಿದ್ದಳು. "ಗಾಳಿ ಬರ್ತದಪಾ, ತಂಪು ಬರವಲ್ದು" ಎಂದಳು ಅವ್ವ. ನಡೆದದ್ದೇನೆಂಬುದು ಮರುದಿನ ಬೆಳಗ್ಗೆ ತಿಳಿಯಿತು. ಕಣ್ಣಿನ ಪೊರೆಯ ದೆಸೆಯಿಂದ ರಿಮೋಟಿನ ಸಣ್ಣಕ್ಷರಗಳು ಕಾಣದೆ, ಅವ್ವ ಬೇರಾವುದೋ ಗುಂಡಿಯನ್ನು ಒತ್ತಿದ್ದಳು. ಯಂತ್ರವು ತಂಪು ಮಾಡುವುದನ್ನು ಬಿಟ್ಟು ಬರಿಯ ಬೀಸಣಿಗೆಯಾಗಿ ಕುಳಿತಿತ್ತು. ರಾಯಚೂರಿನ ಬೇಸಗೆಯಲ್ಲಿ ಮುಚ್ಚಿದ ಕೋಣೆಯೊಳಗೆ ಇಡೀ ರಾತ್ರಿ ಬಿಸಿಗಾಳಿಯನ್ನು ಉಣ್ಣುವುದು ಆ ವಯಸ್ಸಿನವರಿಗೆ ವಿನೋದದ ವಿಷಯವಲ್ಲ.

ಆಕೆಗೆ ಬೇಕಾದುದು ಎರಡೇ ಗುಂಡಿ: ಒಂದು ಒತ್ತಿದರೆ ತಂಪು, ಇನ್ನೊಂದು ಒತ್ತಿದರೆ ನಿಲುಗಡೆ. ಮುಂದಿನ ವಾರ ರಾಯಚೂರಿಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಮೈಕ್ರೊಕಂಟ್ರೋಲರ್ ಇತ್ತು. ಮೈಕ್ರೊಕಂಟ್ರೋಲರ್ ಎಂದರೆ ಬೆಂಕಿಪೆಟ್ಟಿಗೆಗಿಂತ ಹೆಚ್ಚೇನೂ ದೊಡ್ಡದಲ್ಲದ ಹಲಗೆಯ ಮೇಲೆ ಕೂರಿಸಿದ ಪುಟ್ಟ ಗಣಕ. ನಾನು ಒಯ್ದದ್ದು ಈಎಸ್‌ಪಿ8266 ಎಂಬ ಜಾತಿಯದು. ರಿಮೋಟಿನ ಮಾತನ್ನು ಅದಕ್ಕೆ ಕೇಳಿಸಿ, ನೆನಪಿನಲ್ಲಿಡಿಸಿ, ಬೇಕೆಂದಾಗ ಮತ್ತೆ ಆಡಿಸಿದರೆ ಕೆಲಸ ಮುಗಿಯಿತೆಂದು ನಾನೆಣಿಸಿದ್ದೆ. ಕೆಲಸವೇನೋ ಆಯಿತು, ಆದರೆ ನಾನೆಣಿಸಿದ ರೀತಿಯಲ್ಲಿ ಅಲ್ಲ.

ಟಿ.ವಿ.ಯ ರಿಮೋಟಿನ ಅಭ್ಯಾಸವೇ ನಮ್ಮನ್ನು ಮೊದಲು ದಾರಿ ತಪ್ಪಿಸುವುದು. ಅಲ್ಲಿ ಒಂದೊಂದು ಗುಂಡಿಗೂ ಒಂದೊಂದು ಸಂಕೇತವಿದೆ. 'ಧ್ವನಿ ಏರಿಸು' ಎಂಬುದನ್ನು ಒಮ್ಮೆ ದಾಖಲಿಸಿಕೊಂಡರೆ, ಅದನ್ನು ಹತ್ತು ಬಾರಿ ಕಳುಹಿಸಿ ಧ್ವನಿಯನ್ನು ಹತ್ತು ಮೆಟ್ಟಿಲು ಏರಿಸಬಹುದು. ಹವಾನಿಯಂತ್ರಕದ ರಿಮೋಟು ಸಾಮಾನ್ಯವಾಗಿ ಹಾಗೆ ನಡೆದುಕೊಳ್ಳುವುದಿಲ್ಲ. ಯಂತ್ರವು ತಂಪು ಮಾಡಬೇಕೋ ಬರಿಯ ಗಾಳಿ ಬೀಸಬೇಕೋ, ಉಷ್ಣತೆ ಎಷ್ಟಿರಬೇಕು, ಬೀಸಣಿಗೆಯ ವೇಗವೆಷ್ಟು ಎಂಬುದನ್ನೆಲ್ಲ ರಿಮೋಟೇ ತನ್ನ ನೆನಪಿನಲ್ಲಿಟ್ಟುಕೊಂಡಿರುತ್ತದೆ. ಯಾವ ಗುಂಡಿಯನ್ನು ಒತ್ತಿದರೂ ಆ ಪಟ್ಟಿಯನ್ನು ಇಡಿಯಾಗಿ ಓದಿ ಹೇಳುತ್ತದೆ. 'ಒಂದು ಡಿಗ್ರಿ ಏರಿಸು' ಎಂಬ ಮಾತು ಅದರ ಬಾಯಲ್ಲಿಲ್ಲ. 'ತಂಪು, ಇಪ್ಪತ್ತಾರು ಡಿಗ್ರಿ, ಬೀಸಣಿಗೆ ಜೋರು' ಎಂಬ ಪೂರ್ಣ ಆಜ್ಞೆಯೇ ಪ್ರತಿ ಬಾರಿಯೂ ಹೊರಡುತ್ತದೆ. ಆದ್ದರಿಂದ ನಾವು ದಾಖಲಿಸಿಕೊಳ್ಳುವುದು ಗುಂಡಿಯನ್ನಲ್ಲ, ಆ ಕ್ಷಣದ ರಿಮೋಟಿನ ಇಡೀ ಮನಸ್ಸನ್ನು. ಈ ಮಾತನ್ನು ನಾನು ಓದಿ ತಿಳಿದಿದ್ದೆ, ಆದರೂ ಮರೆತೆ.

ರಿಮೋಟು ಮಾತನಾಡುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ. ಸೆಕೆಂಡಿಗೆ 38,000 ಬಾರಿ ಮಿನುಗುವ ಬೆಳಕನ್ನು ಅದು ತುಣುಕು ತುಣುಕಾಗಿ ಬಿಡುತ್ತದೆ. ಎರಡು ತುಣುಕುಗಳ ನಡುವಿನ ವಿರಾಮವು ಹ್ರಸ್ವವಾದರೆ ಸೊನ್ನೆ, ದೀರ್ಘವಾದರೆ ಒಂದು. ಪದ್ಯಕ್ಕೆ ಲಘು ಗುರುಗಳಿದ್ದಂತೆ ಎನ್ನಬಹುದು. ನಮ್ಮ ಮನೆಯ ಯಂತ್ರದಲ್ಲಿ ಹ್ರಸ್ವವು ಸೆಕೆಂಡಿನ ಹತ್ತು ಲಕ್ಷದಲ್ಲಿ 550 ಪಾಲು. ದೀರ್ಘವು 1,600 ಪಾಲು. ಇಂತಹ ಇಪ್ಪತ್ತೆಂಟು ಹ್ರಸ್ವ ದೀರ್ಘಗಳು ಸೇರಿದರೆ ಒಂದು ಆಜ್ಞೆ. ಅದು ಹೊರಟು ಮುಗಿಯಲು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲು ಸಾಕು.

ಇದನ್ನು ಕೇಳಿಸಿಕೊಳ್ಳಲು ಮೂರು ಕಾಲಿನ ಒಂದು ಗ್ರಾಹಕ ಬೇಕು. ಒಂದು ಕಾಲನ್ನು ವಿದ್ಯುತ್ತಿಗೆ, ಒಂದನ್ನು ನೆಲಕ್ಕೆ, ಮತ್ತೊಂದನ್ನು ಮೈಕ್ರೊಕಂಟ್ರೋಲರಿನ ಪಿನ್ನಿಗೆ ಜೋಡಿಸಬೇಕು. `IRremoteESP8266` ಎಂಬ ಉಚಿತ ತಂತ್ರಾಂಶ ಸಂಗ್ರಹದಲ್ಲಿ `IRrecvDumpV2` ಎಂಬ ಉದಾಹರಣೆ ಸಿದ್ಧವಾಗಿಯೇ ಇದೆ. ಅದನ್ನು ಹಲಗೆಗೆ ತುಂಬಿ, ಗ್ರಾಹಕದ ಎದುರು ರಿಮೋಟು ಹಿಡಿದು ಗುಂಡಿಯೊತ್ತಿದರೆ, ಗಣಕದ ಪರದೆಯ ಮೇಲೆ ಬೆಳಕು ಮತ್ತು ವಿರಾಮಗಳ ಉದ್ದದ ಪಟ್ಟಿಯೊಂದು ಮೂಡುತ್ತದೆ. ಯಂತ್ರದ ಭಾಷೆ ತಂತ್ರಾಂಶಕ್ಕೆ ಪರಿಚಿತವಾಗಿದ್ದರೆ, ಅದರ ಜೊತೆಗೆ ಒಂದು ಅಂಕವನ್ನೂ ಬರೆದು ತೋರಿಸುತ್ತದೆ. ನಾನು ರಿಮೋಟನ್ನು ತಂಪಿಗೆ, 26 ಡಿಗ್ರಿಗೆ ಹೊಂದಿಸಿ, ಆರಿಸಿ, ಮತ್ತೆ ಹೊತ್ತಿಸುವ ಗುಂಡಿಯನ್ನು ಗ್ರಾಹಕದ ಮುಂದೆ ಒತ್ತಿದೆ. ಪರದೆಯ ಮೇಲೆ `0x8800B4F` ಎಂದು ಬಂದಿತು. ಆರಿಸುವ ಗುಂಡಿಗೆ `0x88C0051` ಎಂದು ಬಂದಿತು. ಒಂದೊಂದನ್ನೂ ಮೂರು ಮೂರು ಬಾರಿ ದಾಖಲಿಸಿಕೊಂಡೆ. ಅಳತೆಗಳು ಪ್ರತಿ ಸಲವೂ ಅಷ್ಟಿಷ್ಟು ಹೆಚ್ಚು ಕಡಿಮೆಯಾಗುವುದು ಸಹಜ. ಹ್ರಸ್ವ ದೀರ್ಘಗಳ ಕ್ರಮ ಮಾತ್ರ ಮೂರರಲ್ಲಿಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಆ ದಾಖಲೆ ಕೆಟ್ಟಿದೆಯೆಂದೇ ಅರ್ಥ.

ಹೇಳುವ ಕೆಲಸಕ್ಕೆ ಅವಕೆಂಪು ಎಲ್‌ಇಡಿ ದೀಪ. ಅದನ್ನು ಪಿನ್ನಿಗೆ ನೇರವಾಗಿ ಜೋಡಿಸಿದರೆ ಪಿನ್ನು ಕೊಡುವ ಅಲ್ಪ ವಿದ್ಯುತ್ತಿಗೆ ಬೆಳಕು ಮಾರುದೂರವೂ ಹೋಗದು. ನಡುವೆ ಒಂದು ಟ್ರಾನ್ಸಿಸ್ಟರನ್ನಿಟ್ಟು, ದೀಪಕ್ಕೆ 5 ವೋಲ್ಟಿನ ವಿದ್ಯುತ್ತನ್ನು 47 ಓಮಿನ ರೋಧಕದ ಮೂಲಕ ಕೊಟ್ಟಾಗ ಕೋಣೆಯ ಆ ಮೂಲೆಯವರೆಗೆ ಮುಟ್ಟಿತು. ಕಳುಹಿಸುವ ಆಜ್ಞೆ ಇಷ್ಟೇ:

```
irsend.sendRaw(tampu, 59, 38);
```

`tampu` ಎಂಬುದು ದಾಖಲಿಸಿಕೊಂಡ ಪಟ್ಟಿಗೆ ನಾನಿಟ್ಟ ಹೆಸರು. 59 ಆ ಪಟ್ಟಿಯಲ್ಲಿರುವ ಅಳತೆಗಳ ಸಂಖ್ಯೆ. ಕೊನೆಯ 38 ಎಂಬುದನ್ನು ಉಪೇಕ್ಷಿಸಬಾರದು. ಗ್ರಾಹಕವು ಆ 38,000ದ ಮಿನುಗನ್ನು ಸೋಸಿ ತೆಗೆದು ಬರಿಯ ಉದ್ದಗಳನ್ನಷ್ಟೇ ನಮಗೆ ಕೊಟ್ಟಿರುತ್ತದೆ. ಕಳುಹಿಸುವಾಗ ಆ ಮಿನುಗನ್ನು ಮರಳಿ ಸೇರಿಸದಿದ್ದರೆ, ದೀಪ ಎಷ್ಟೇ ಉರಿದರೂ ಯಂತ್ರದ ಪಾಲಿಗೆ ಅದು ಮಾತಲ್ಲ. ದೀಪ ಉರಿಯುತ್ತಿದೆಯೇ ಎಂಬುದನ್ನು ನೋಡಲು ಮೊಬೈಲಿನ ಕ್ಯಾಮೆರಾ ಸಾಕು. ಅನೇಕ ಕ್ಯಾಮೆರಾಗಳಿಗೆ ನಮ್ಮ ಕಣ್ಣಿಗೆ ಕಾಣದ ಈ ಬೆಳಕು ಕಾಣುತ್ತದೆ.

ಡಬ್ಬಿ ಸಿದ್ಧವಾಯಿತು. ಹಸಿರು ಗುಂಡಿಯನ್ನೊತ್ತಿದೊಡನೆ ಯಂತ್ರ ಕುಯ್ಯೆಂದು ಓಗೊಟ್ಟಿತು, ಕೆಂಪನ್ನೊತ್ತಿದೊಡನೆ ನಿಂತಿತು. ಮನೆಮಂದಿಯೆಲ್ಲ ಮೆಚ್ಚಿದರು. ಆದರೆ ಮರುದಿನ ಬೆಳಗ್ಗೆ ಅವ್ವ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕುಳಿತಿದ್ದಳು. ರಾತ್ರಿಯೆಲ್ಲ ತಣ್ಣನೆಯ ಗಾಳಿ ಮಂಡಿಗೆ ರಭಸದಿಂದ ಹೊಡೆದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕುಳಿತು ನಾನು ದಾಖಲಿಸಿಕೊಂಡಾಗ ರಿಮೋಟಿನಲ್ಲಿ ಬೀಸಣಿಗೆ ಜೋರಿನಲ್ಲಿತ್ತು. ನಾನು 'ಇಪ್ಪತ್ತಾರು ಡಿಗ್ರಿ'ಯನ್ನು ದಾಖಲಿಸಿಕೊಂಡೆನೆಂದುಕೊಂಡಿದ್ದೆ. ಡಬ್ಬಿಯು ಮಧ್ಯಾಹ್ನದ ಇಡೀ ಪಟ್ಟಿಯನ್ನು ರಾತ್ರಿ ಒಪ್ಪಿಸಿತ್ತು.

ಅಣ್ಣನ ಮಗ ಕಾಲೇಜು ಹುಡುಗ. ಅಂಕಗಳನ್ನು ದಿಟ್ಟಿಸಿ ನೋಡಿ ಗುಟ್ಟನ್ನು ಬಿಡಿಸತೊಡಗಿದ. ಈ ಅಂಕಗಳು ಹದಿನಾರರ ಲೆಕ್ಕದವು. ಒಂಬತ್ತರ ನಂತರ A ಎಂದರೆ ಹತ್ತು, B ಎಂದರೆ ಹನ್ನೊಂದು, ಹೀಗೆ F ಎಂದರೆ ಹದಿನೈದು. `0x8800B4F` ಎಂಬುದರ B ಉಷ್ಣತೆಯ ಅಂಕ: ಹನ್ನೊಂದಕ್ಕೆ ಹದಿನೈದನ್ನು ಕೂಡಿದರೆ ಇಪ್ಪತ್ತಾರು. ಅದರ ಮುಂದಿನ 4 ಬೀಸಣಿಗೆಯ ಜೋರು. "ಚಿಕ್ಕಪ್ಪಾ, ನಾಲ್ಕನ್ನು ಸೊನ್ನೆ ಮಾಡಿದರೆ ಗಾಳಿ ಮೆಲ್ಲಗಾಗಬೇಕಲ್ಲವೆ?" ಎಂದು ಪಟ್ಟಿಯಲ್ಲಿ ಒಂದೇ ಒಂದು ದೀರ್ಘ ವಿರಾಮವನ್ನು ಹ್ರಸ್ವವಾಗಿ ತಿದ್ದಿ ಕಳುಹಿಸಿದ. ಯಂತ್ರ ತುಟಿ ಬಿಚ್ಚಲಿಲ್ಲ. ಎರಡು ಬಾರಿ, ಮೂರು ಬಾರಿ ಕಳುಹಿಸಿದರೂ ಮೌನ.

ಕೊನೆಗೆ ರಿಮೋಟಿನಲ್ಲಿಯೇ ಬೀಸಣಿಗೆಯನ್ನು ಮೆಲ್ಲಗೆ ಮಾಡಿ ಹೊಸದಾಗಿ ದಾಖಲಿಸಿಕೊಂಡೆವು. ಬಂದದ್ದು `0x8800B0B`. ಹುಡುಗನ ತಿದ್ದುಪಡಿಯಲ್ಲಿ ಇದ್ದದ್ದು `0x8800B0F`. ಕಟ್ಟಕಡೆಯ ಅಂಕವೊಂದೇ ಬೇರೆ. ಆ ಅಂಕವು ಯಂತ್ರಕ್ಕೆ ಕೊಡುವ ಆಜ್ಞೆಯಲ್ಲ, ಲೆಕ್ಕದ ಸರಿತಪ್ಪು ನೋಡುವ ತಾಳೆ. ಅದರ ಹಿಂದಿನ ನಾಲ್ಕು ಅಂಕಗಳನ್ನು ಕೂಡಿ, ಹದಿನೈದು ಮೀರಿದರೆ ಹದಿನಾರನ್ನು ಕಳೆದು, ಉಳಿದುದನ್ನು ಕೊನೆಯಲ್ಲಿ ಬರೆಯಬೇಕು. ಮೊದಲನೆಯದರಲ್ಲಿ ಸೊನ್ನೆ, ಸೊನ್ನೆ, ಹನ್ನೊಂದು, ನಾಲ್ಕು ಕೂಡಿ ಹದಿನೈದು, ಅಂದರೆ F. ಎರಡನೆಯದರಲ್ಲಿ ಹನ್ನೊಂದು ಮಾತ್ರ, ಅಂದರೆ B. ಬಾಳಪುಸ್ತಕದ ಮೊತ್ತ ತಾಳೆಯಾಗದಿದ್ದರೆ ಶಾನುಭೋಗರು ಹೇಗೆ ಒಪ್ಪುತ್ತಿರಲಿಲ್ಲವೋ ಹಾಗೆ, ಈ ಯಂತ್ರವೂ ತಾಳೆಯಿಲ್ಲದ ಆಜ್ಞೆಯನ್ನು ಸದ್ದಿಲ್ಲದೆ ತಳ್ಳಿಹಾಕುತ್ತದೆ. ಅರ್ಧ ಕೇಳಿಸಿದ ಮಾತನ್ನು ನಂಬಿ ನಡೆಯದಿರಲೆಂದೇ ಈ ಏರ್ಪಾಡು. ತಾಳೆಯ ವಿಧಾನ ಒಬ್ಬೊಬ್ಬ ತಯಾರಕರದು ಒಂದೊಂದು ಬಗೆ. ಆದುದರಿಂದ ಅದನ್ನು ಅರಿಯದವರು ದಾಖಲೆಯನ್ನು ತಿದ್ದುವ ಗೋಜಿಗೆ ಹೋಗದೆ, ಬೇಕಾದ ಪ್ರತಿಯೊಂದು ಸ್ಥಿತಿಯನ್ನೂ ರಿಮೋಟಿನಿಂದಲೇ ಬೇರೆ ಬೇರೆಯಾಗಿ ದಾಖಲಿಸಿಕೊಳ್ಳುವುದು ಲೇಸು.

ಎಲ್ಲರ ಯಂತ್ರವೂ ನಮ್ಮದರಂತೆ ಮಿತಭಾಷಿಯೆಂದು ತಿಳಿಯಬಾರದು. ಕೆಲವು ತಯಾರಕರ ಆಜ್ಞೆಯಲ್ಲಿ ಐದುನೂರಕ್ಕೂ ಹೆಚ್ಚು ಅಳತೆಗಳಿರುತ್ತವೆ. ಒಂದೆರಡು ಕಡೆ ಉಸಿರು ತೆಗೆದುಕೊಳ್ಳುವಂತೆ ದೊಡ್ಡ ವಿರಾಮವೂ ಇರುತ್ತದೆ. ದಾಖಲಿಸುವ ತಂತ್ರಾಂಶವು ಆ ವಿರಾಮವನ್ನೇ ಮಾತಿನ ಮುಗಿತಾಯವೆಂದು ಭಾವಿಸಿದರೆ ಅರ್ಧ ಆಜ್ಞೆ ಮಾತ್ರ ಸಿಗುತ್ತದೆ. ಒಂದೇ ಗುಂಡಿಗೆ ಪರದೆಯ ಮೇಲೆ ಎರಡು ಮೂರು ಚಿಕ್ಕ ಪಟ್ಟಿಗಳು ಒಂದರ ಹಿಂದೊಂದು ಮೂಡಿದರೆ ಹೀಗಾಗಿರಬಹುದೆಂದು ಊಹಿಸಬೇಕು. ಆಗ ತಂತ್ರಾಂಶದಲ್ಲಿ `kTimeout` ಎಂಬ ಕಾಯುವ ಅವಧಿಯನ್ನು ಏರಿಸಿ ಮತ್ತೆ ದಾಖಲಿಸಿ ನೋಡಬೇಕು.

ಇನ್ನೊಂದು ಮಿತಿಯುಂಟು, ಅದಕ್ಕೆ ಮದ್ದಿಲ್ಲ. ಈ ಮಾತುಕತೆ ಒಂದೇ ಕಡೆಯದು. ಡಬ್ಬಿ ಹೇಳುತ್ತದೆ, ಯಂತ್ರ ಕೇಳಿತೇ ಇಲ್ಲವೇ ಎಂಬುದು ಡಬ್ಬಿಗೆ ತಿಳಿಯದು. ಪರದೆ ಅಡ್ಡ ಬಂದಿದ್ದರೆ, ವಿದ್ಯುತ್ತು ಹೋಗಿದ್ದರೆ ಆಜ್ಞೆ ಗಾಳಿಗೆ ಹೋದಂತೆಯೇ. ಅಂತೆಯೇ ಡಬ್ಬಿ ಆಡಿದ ಮಾತು ರಿಮೋಟಿಗೆ ಕೇಳಿಸದಾದ್ದರಿಂದ, ಅದರ ಮುಖದ ಮೇಲಿನ ಅಂಕಿಯೂ ಯಂತ್ರದ ನಿಜಸ್ಥಿತಿಯೂ ಹೊಂದದೆ ಹೋಗುವುದುಂಟು. ಆದರೆ ನನ್ನನ್ನು ಎಡವಿಸಿದ ಗುಣವೇ ಇಲ್ಲಿ ಕೈಹಿಡಿಯಿತು. ಪ್ರತಿಯೊಂದು ಆಜ್ಞೆಯೂ ಪೂರ್ಣವಾದುದರಿಂದ ಹಿಂದೆ ಏನಾಗಿತ್ತೆಂಬ ಚಿಂತೆ ಬೇಕಿಲ್ಲ. ಅವ್ವ ಹಸಿರು ಗುಂಡಿಯನ್ನು ಒಮ್ಮೆ ಒತ್ತಲಿ, ಅನುಮಾನ ಬಂದು ನಾಲ್ಕು ಬಾರಿ ಒತ್ತಲಿ, ಫಲ ಒಂದೇ: ತಂಪು, ಇಪ್ಪತ್ತಾರು, ಮೆಲುಗಾಳಿ. ಯಾರಾದರೂ ರಿಮೋಟಿನಿಂದ ಏನನ್ನೇ ಬದಲಿಸಿದ್ದರೂ ಆ ಒಂದು ಒತ್ತು ಎಲ್ಲವನ್ನೂ ಮೊದಲಿನಂತೆ ಮಾಡುತ್ತದೆ. ಯಂತ್ರಕ್ಕೆ ಕೇಳಿಸಿತೆಂಬುದಕ್ಕೆ ಅದರ ಕುಯ್ಯೆಂಬ ಸದ್ದೇ ಸಾಕ್ಷಿ. ಕಣ್ಣು ಮಂದವಾದರೂ ಅವ್ವನ ಕಿವಿ ಚುರುಕು.

ಮೇ ತಿಂಗಳಲ್ಲಿ ಅವ್ವ ಮತ್ತೊಮ್ಮೆ ರಾತ್ರಿ ಫೋನು ಮಾಡಿದಳು. ನನ್ನೆದೆ ಧಸಕ್ಕೆಂದಿತು. ಕೇಳಿದರೆ, ಪಕ್ಕದ ಮನೆಯ ಕಾಕೂಗೂ ಇಂತಹುದೊಂದು ಡಬ್ಬಿ ಬೇಕಂತೆ. "ಆಕಿಗೂ ಮಂಡಿ ನೋವದಪಾ" ಎಂದು ಅವ್ವ ಎಚ್ಚರಿಸಿದಳು, "ಗಾಳಿ ಮೆಲ್ಲಕ ಇಟ್ಟು ಬರಕೋ."