ಕಿವಿಗಾಗಿ ಬರೆದ ವಾಕ್ಯ

ಕನ್ನಡ ರೇಡಿಯೋ ವಾರ್ತೆಯ ಬಗ್ಗೆ ಮಾತು ಬಂದಾಗಲೆಲ್ಲ ಕೇಳಿಬರುವ ಸಲಹೆ ಒಂದೇ: ವಾಕ್ಯಗಳು ಚಿಕ್ಕದಾಗಿರಲಿ. ಸಲಹೆ ತಪ್ಪಲ್ಲ, ಆದರೆ ಅಷ್ಟಕ್ಕೇ ಸಾಲದು. ಕನ್ನಡದಲ್ಲಿ ಹತ್ತು ಪದಗಳ ವಾಕ್ಯವೂ ಕೇಳುಗನನ್ನು ಸುಸ್ತು ಮಾಡಬಲ್ಲದು, ಹದಿನೈದು ಪದಗಳ ವಾಕ್ಯವೂ ಸಲೀಸಾಗಿ ಕಿವಿಗಿಳಿಯಬಲ್ಲದು. ಕ್ರಿಯಾಪದ ಬರುವ ಮೊದಲು ಕೇಳುಗ ಎಷ್ಟು ಸಂಗತಿಗಳನ್ನು ತಲೆಯಲ್ಲಿ ಹೊತ್ತು ಕಾಯಬೇಕು ಎಂಬುದೇ ಇಲ್ಲಿ ಮುಖ್ಯ.

ಒಂದು ನಿಜವಾದ ಸುದ್ದಿಯನ್ನೇ ತೆಗೆದುಕೊಳ್ಳೋಣ. 2024ರ ಜನವರಿ 12ರಂದು ಪ್ರಧಾನಿ ನರೇಂದ್ರ ಮೋದಿ ಮುಂಬೈ ಮತ್ತು ನವಿ ಮುಂಬೈಯನ್ನು ಜೋಡಿಸುವ ಅಟಲ್ ಸೇತುವನ್ನು ಉದ್ಘಾಟಿಸಿದರು. ಅದೇ ದಿನ ಉರಣ್‌ವರೆಗಿನ ಲೋಕಲ್ ರೈಲಿಗೂ ಚಾಲನೆ ಸಿಕ್ಕಿತು. ನೆರೂಳ್‌ನಿಂದ ಉರಣ್ ಕಡೆಗೆ ಹೊರಟ ಗಾಡಿ ಮೊದಲು ನಿಲ್ಲುವುದು ಸೀವುಡ್ಸ್‌ನಲ್ಲಿ. ಅಲ್ಲಿನ ಕನ್ನಡದ ಮನೆಗಳಲ್ಲಿ ಈಗ ಆಕಾಶವಾಣಿಯ ಕನ್ನಡ ವಾರ್ತೆಯನ್ನು ಮೊಬೈಲ್ ಆ್ಯಪ್‌ನಲ್ಲಿ ಕೇಳಬಹುದು. ಹಾಗೆ ಕೇಳುವವರಿಗೆ ಇದು ಮನೆ ಬಾಗಿಲಿನ ಸುದ್ದಿ.

ಸರ್ಕಾರಿ ಪ್ರಕಟಣೆಯಲ್ಲಿದ್ದ ಅಂಕಿಗಳು ಇವು: ಸೇತುವೆಯ ಉದ್ದ ಸುಮಾರು 21.8 ಕಿಲೋಮೀಟರ್, ಸಮುದ್ರದ ಮೇಲೆ ಸುಮಾರು 16.5, ನೆಲದ ಮೇಲೆ ಸುಮಾರು 5.5, ವೆಚ್ಚ 17,840 ಕೋಟಿ ರೂಪಾಯಿಗೂ ಹೆಚ್ಚು, ಆರು ಪಥ. ಇಂಥ ಪ್ರಕಟಣೆಯನ್ನು ಇಂಗ್ಲಿಷಿನಿಂದ ಅವಸರದಲ್ಲಿ ಇಳಿಸಿಕೊಂಡರೆ ಸಿಗುವ ಕನ್ನಡ ಹೆಚ್ಚುಕಡಿಮೆ ಹೀಗಿರುತ್ತದೆ:

"ಸುಮಾರು 16.5 ಕಿ.ಮೀ. ಸಮುದ್ರದ ಮೇಲೆ ಹಾಗೂ ಸುಮಾರು 5.5 ಕಿ.ಮೀ. ನೆಲದ ಮೇಲೆ ಹಾದುಹೋಗುವ, 17,840 ಕೋಟಿ ರೂ.ಗೂ ಅಧಿಕ ವೆಚ್ಚದಲ್ಲಿ ನಿರ್ಮಿಸಲಾಗಿರುವ, 21.8 ಕಿ.ಮೀ. ಉದ್ದದ ಷಟ್ಪಥ ಅಟಲ್ ಸೇತುವನ್ನು ಪ್ರಧಾನಿ ನರೇಂದ್ರ ಮೋದಿ ಅವರು ಇಂದು ಉದ್ಘಾಟಿಸಿದರು."

ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ತಪ್ಪಿಲ್ಲ. ಪತ್ರಿಕೆಯಲ್ಲಿ ಓದುವವರು ಬೇಕಾದರೆ ಹಿಂದಕ್ಕೆ ಹೋಗಿ ಮತ್ತೆ ಓದಿಕೊಳ್ಳುತ್ತಾರೆ. ರೇಡಿಯೋ ಕೇಳುವವರಿಗೆ ಆ ಅವಕಾಶವಿಲ್ಲ. "ಹಾದುಹೋಗುವ" ಎಂದಾಗ ಹಾದುಹೋಗುವುದು ಯಾವುದೆಂದು ತಿಳಿಯದು. "ನಿರ್ಮಿಸಲಾಗಿರುವ" ಎಂದಾಗಲೂ ಅದೇ ಕಥೆ. ಇಂಗ್ಲಿಷಿನಲ್ಲಿ ವಿಶೇಷಣದ ಉಪವಾಕ್ಯ ನಾಮಪದದ ನಂತರ ಬರುತ್ತದೆ, ಕನ್ನಡದಲ್ಲಿ ಮೊದಲೇ ಬರುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಹಗುರವಾಗಿದ್ದ ವಿವರ ಕನ್ನಡಕ್ಕೆ ಬಂದಾಗ ಭಾರವಾಗುತ್ತದೆ. ಸೇತುವೆಯ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಅಂಕಿಗಳು ಕರಗಿಹೋಗಿರುತ್ತವೆ.

ಅದನ್ನೇ ಓದುವವರ ಕೈಗೆ ಹೀಗೆ ಕೊಡಬಹುದು. ಒಂದು ಗೀಟು ಅಂದರೆ ಸಣ್ಣ ನಿಲುಗಡೆ, ಎರಡು ಗೀಟು ಅಂದರೆ ಪೂರ್ತಿ ಉಸಿರು.

"ಮುಂಬೈ ಮತ್ತು ನವಿ ಮುಂಬೈಯನ್ನು ಜೋಡಿಸುವ ಸಮುದ್ರ ಸೇತುವೆ / ಇಂದು ಉದ್ಘಾಟನೆಯಾಯಿತು. // ಪ್ರಧಾನಿ ನರೇಂದ್ರ ಮೋದಿ / ಇದನ್ನು ಉದ್ಘಾಟಿಸಿದರು. // ಸೇತುವೆಯ ಹೆಸರು / ಅಟಲ್ ಸೇತು. // ಉದ್ದ / ಸುಮಾರು ಇಪ್ಪತ್ತೆರಡು ಕಿಲೋಮೀಟರ್. // ಇದರಲ್ಲಿ ಹದಿನಾರೂವರೆ ಕಿಲೋಮೀಟರ್ / ಸಮುದ್ರದ ಮೇಲಿದೆ. // ವೆಚ್ಚ / ಹದಿನೇಳು ಸಾವಿರದ ಎಂಟುನೂರು ಕೋಟಿ ರೂಪಾಯಿಗೂ ಹೆಚ್ಚು. //"

ಇಲ್ಲಿ ವಾಕ್ಯಗಳು ಚಿಕ್ಕದಾಗಿರುವುದು ನಿಜ. ಅದಕ್ಕಿಂತ ದೊಡ್ಡ ಬದಲಾವಣೆ ಎಂದರೆ ಒಂದು ವಾಕ್ಯಕ್ಕೆ ಒಂದೇ ಅಂಕಿ ಉಳಿದಿರುವುದು, ಮತ್ತು ಆ ಅಂಕಿ ಯಾವುದಕ್ಕೆ ಸೇರಿದ್ದೆಂದು ಅಂಕಿಗಿಂತ ಮೊದಲೇ ಗೊತ್ತಾಗುವುದು. "ವೆಚ್ಚ" ಎಂದ ಮೇಲೆ ಕೇಳುಗ ದುಡ್ಡಿನ ಲೆಕ್ಕಕ್ಕೆ ಸಿದ್ಧನಾಗುತ್ತಾನೆ. ಎಲ್ಲ ವಿಶೇಷಣಗಳೂ ಹೋಗಿಲ್ಲ. "ಜೋಡಿಸುವ ಸಮುದ್ರ ಸೇತುವೆ" ಎಂಬುದು ಉಳಿದಿದೆ, ಏಕೆಂದರೆ ಮುಂಬೈ, ನವಿ ಮುಂಬೈ ಎಂಬ ಹೆಸರುಗಳು ಕೇಳುಗನಿಗೆ ಮೊದಲೇ ಗೊತ್ತು. ಒಂದನ್ನು ಇಟ್ಟುಕೊಳ್ಳಬಹುದು, ಮೂರನ್ನು ಪೇರಿಸಬಾರದು.

ಅಂಕಿಗಳನ್ನು ದುಂಡಗೆ ಮಾಡುವುದು ನಿಖರತೆಗೆ ಧಕ್ಕೆ ಎಂದು ಆಕ್ಷೇಪಿಸುವವರಿದ್ದಾರೆ. ಈ ಸುದ್ದಿಯೇ ಅದಕ್ಕೆ ಒಳ್ಳೆಯ ಉತ್ತರ. 16.5ಕ್ಕೆ 5.5 ಕೂಡಿಸಿದರೆ 22 ಆಗುತ್ತದೆ, 21.8 ಅಲ್ಲ. ಪ್ರಕಟಣೆಯ ಮೂರೂ ಅಂಕಿಗಳ ಹಿಂದೆ "ಸುಮಾರು" ಇದೆ, ಆದ್ದರಿಂದ ಅದು ಸುಳ್ಳೇನಲ್ಲ. ಆದರೆ ದಶಮಾಂಶದ ಸಮೇತ ಮೂರನ್ನೂ ಓದಿಬಿಟ್ಟರೆ ಲೆಕ್ಕ ಕೂಡದ ಒಂದು ಸುದ್ದಿ, ಬಹಳ ನಿಖರವಾಗಿರುವಂತೆ ಕೇಳಿಸುತ್ತದೆ. "ಸುಮಾರು ಇಪ್ಪತ್ತೆರಡು", "ಹದಿನಾರೂವರೆ" ಎಂದರೆ ಲೆಕ್ಕವೂ ಕೂಡುತ್ತದೆ, ಕನ್ನಡವೂ ಕನ್ನಡವಾಗಿ ಉಳಿಯುತ್ತದೆ. ಕಾಲು, ಅರೆ, ಮುಕ್ಕಾಲು ನಮ್ಮ ಸಂತೆಯ ಲೆಕ್ಕ. "ಹದಿನಾರು ಪಾಯಿಂಟ್ ಐದು" ಎನ್ನುವ ಅಗತ್ಯವಿಲ್ಲ. ವೆಚ್ಚದಲ್ಲಿ ನಲವತ್ತು ಕೋಟಿಯನ್ನು ಬಿಟ್ಟರೂ "ಗೂ ಹೆಚ್ಚು" ಇರುವುದರಿಂದ ಮಾತು ಸತ್ಯವಾಗಿಯೇ ಇದೆ.

ಇದಕ್ಕೆ ಮಿತಿಯೂ ಇದೆ. ಸತ್ತವರ ಸಂಖ್ಯೆ, ಮತ ಎಣಿಕೆ, ಕೋರ್ಟು ವಿಧಿಸಿದ ಶಿಕ್ಷೆಯ ಅವಧಿ, ರೈಲಿನ ಸಮಯ, ಇವನ್ನು ದುಂಡಗೆ ಮಾಡುವಂತಿಲ್ಲ. ಇಂಥ ಕಡೆ ಅಂಕಿಯನ್ನು ಪೂರ್ತಿ ಹೇಳಿ, ಅದರ ಸುತ್ತ ಬೇರೆ ಅಂಕಿ ಬರದಂತೆ ನೋಡಿಕೊಳ್ಳಬೇಕು.

ಇಲ್ಲೇ ಉಸಿರಿನ ಗೀಟು ಕೆಲಸಕ್ಕೆ ಬರುವುದು. ಕನ್ನಡದ "ಇಪ್ಪತ್ತು" ಮತ್ತು "ಎಪ್ಪತ್ತು" ನಡುವೆ ಇರುವುದು ಮೊದಲ ಸ್ವರದ ವ್ಯತ್ಯಾಸ ಮಾತ್ರ. "ಮೂರು", "ನೂರು" ನಡುವೆ ಒಂದು ಅನುನಾಸಿಕದ ವ್ಯತ್ಯಾಸ. ಬೇಗ ಓದಿದಾಗ "ಸುಮಾರು ಇಪ್ಪತ್ತು" ಎಂಬುದು "ಸುಮಾರಿಪ್ಪತ್ತು" ಎಂದು ಕೂಡಿಕೊಳ್ಳುತ್ತದೆ. ಗುರುತು ಹಿಡಿಯಬೇಕಾದ ಸ್ವರವೇ ಸಂಧಿಯಲ್ಲಿ ಸಿಕ್ಕಿಬೀಳುತ್ತದೆ. ತಪ್ಪಿದರೆ ಐವತ್ತರ ವ್ಯತ್ಯಾಸ. ಸಂಖ್ಯೆ ಅಷ್ಟು ಮುಖ್ಯವಾಗಿದ್ದರೆ ಅದರ ಮುಂಚೆ ಗೀಟು ಬೇಕು. ಸಂಖ್ಯೆಗೂ ಅದರ ಮಾನಕ್ಕೂ ನಡುವೆ ಮಾತ್ರ ಗೀಟು ಬರಬಾರದು. "ಇಪ್ಪತ್ತೆರಡು / ಕಿಲೋಮೀಟರ್" ಎಂದು ಒಡೆದರೆ ಅರ್ಥ ಒಡೆಯುತ್ತದೆ. "ಜೋಡಿಸುವ / ಸೇತುವೆ" ಎಂದು ಒಡೆದರೂ ಅಷ್ಟೇ.

ಊರಿನ ಹೆಸರುಗಳದು ಇನ್ನೊಂದು ಪೇಚು. ಸೀವುಡ್ಸ್ ನಿಲ್ದಾಣದ ಪೂರ್ಣ ಹೆಸರು ಸೀವುಡ್ಸ್–ದಾರಾವೆ. ಇಂಗ್ಲಿಷ್ ಪ್ರತಿಯಲ್ಲಿ ಇದನ್ನು ಕಂಡ ಓದುಗರ ನಾಲಿಗೆಗೆ ಮೊದಲು ಬರುವುದು ಹೆಚ್ಚು ಕೇಳಿ ಗೊತ್ತಿರುವ ಧಾರಾವಿ. ಅದು ಮುಂಬೈಯಲ್ಲಿ, ಖಾಡಿಯ ಆಚೆ ಇದೆ. ಬೆಂಗಳೂರಿನ ಕೇಳುಗನಿಗೆ ಈ ತಪ್ಪು ಗೊತ್ತಾಗದು. ಸೀವುಡ್ಸ್‌ನಲ್ಲಿರುವವರಿಗೆ ಮಾತ್ರ ಇಡೀ ಸುದ್ದಿಯ ಮೇಲೆಯೇ ಅನುಮಾನ ಬರುತ್ತದೆ. ಪ್ರತಿ ಬರೆದವರೇ "ದಾರಾವೆ" ಎಂದು ಬಿಡಿಸಿ ಬರೆದುಕೊಟ್ಟರೆ ಓದುವವರು ಊಹಿಸಬೇಕಾಗಿಲ್ಲ.

ಹೀಗೆ ಒಡೆದು ಬರೆದರೆ ವಾರ್ತೆಯ ಗಾಂಭೀರ್ಯ ಹೋಗಿ ಅದು ಮಕ್ಕಳ ಪಾಠದಂತಾಗುತ್ತದೆ ಎಂಬ ದೂರಿನಲ್ಲಿ ಸ್ವಲ್ಪ ಹುರುಳಿದೆ. ಒಂದೇ ಅಳತೆಯ ಏಳೆಂಟು ವಾಕ್ಯಗಳು ಸಾಲಾಗಿ ಬಂದರೆ ಕಿವಿಗೆ ಕುಟ್ಟಿದಂತೆ ಕೇಳಿಸುತ್ತದೆ. ಆದರೆ ಅದಕ್ಕೆ ಪರಿಹಾರ ಮತ್ತೆ ವಿಶೇಷಣ ಪೇರಿಸುವುದಲ್ಲ. ರೈಲಿನ ಸುದ್ದಿಯನ್ನು ನೋಡಿ: "ಉರಣ್‌ಗೆ ಲೋಕಲ್ ರೈಲು ಬಂದಿದೆ. // ನೆರೂಳ್ ಮತ್ತು ಬೇಲಾಪುರದಿಂದ ಹೊರಡುವ ಗಾಡಿಗಳು / ಈವರೆಗೆ ಖಾರಕೋಪರ್‌ವರೆಗೆ ಮಾತ್ರ ಹೋಗುತ್ತಿದ್ದವು. // ಇನ್ನು ಮುಂದೆ ಉರಣ್ ತಲುಪಲಿವೆ." ನಡುವಿನ ವಾಕ್ಯ ಉದ್ದವಿದ್ದರೂ ಭಾರವಿಲ್ಲ. ಸುದ್ದಿ ಮೊದಲ ವಾಕ್ಯದಲ್ಲೇ ಮುಗಿದಿದೆ, ಉಳಿದದ್ದು ವಿವರಣೆ.

ಪ್ರತಿಯನ್ನು ಪರೀಕ್ಷಿಸಲು ಪದ ಎಣಿಸಿ ಪ್ರಯೋಜನವಿಲ್ಲ. "ಉದ್ಘಾಟಿಸಲಿದ್ದಾರೆಂದು" ಎಂಬುದೂ ಒಂದು ಪದ, "ಊರು" ಎಂಬುದೂ ಒಂದು ಪದ. ಬರೆದವರು ಅದನ್ನು ಇನ್ನೊಬ್ಬರಿಗೆ ಒಂದೇ ಸಲ ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಸೇತುವೆ ಎಷ್ಟು ಉದ್ದ, ಸಮುದ್ರದ ಮೇಲೆ ಎಷ್ಟು ಎಂದು ಕೇಳಬೇಕು. ಉತ್ತರ ಬರದಿದ್ದರೆ ತಿದ್ದಬೇಕಾದದ್ದು ಕೇಳಿದವರನ್ನಲ್ಲ, ಪ್ರತಿಯನ್ನು.